ಕಾಲಂನಲ್ಲಿ ಕೊನೆಗೆ ತುಂಬಿದ ದರ ಬೇಕು, ಖಾಲಿ ಬರುತ್ತಿದೆ (ಎಕ್ಸೆಲ್ 2016)

ಮಣೂಕ ಲೆಕ್ಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ತಿಕೋಟಾ ಕಡೆ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮಣೂಕದ ಲೆಕ್ಕ ಬರೆಯುತ್ತೇನೆ. ರೈತರು ಇಟ್ಟ ಮಾಲು ಲಾಟ್ ಪ್ರಕಾರ ಹೊರಗೆ ಹೋಗುತ್ತದೆ. ಬಾಕ್ಸ್ ಹೋದ ದಿನವೇ ಒಂದು ಸಾಲು ಬರೆದು ಇಡುತ್ತೇನೆ. ಬಿಲ್ ಮಾತ್ರ ಆಮೇಲೆ ಬರುತ್ತದೆ, ಕೆಲವು ಸಲ ವಾರ ಬಿಟ್ಟು. ಬಿಲ್ ಬಂದಾಗ ಮೊತ್ತ ತುಂಬಿದರೆ ಕಿಲೋ ದರ ತಾನೇ ಬರಲಿ ಅಂತ E ಕಾಲಂನಲ್ಲಿ ಫಾರ್ಮುಲಾ ಹಾಕಿ 500ನೇ ಸಾಲಿನವರೆಗೆ ಎಳೆದಿದ್ದೇನೆ. ನಮ್ಮಲ್ಲಿ ಬಾಕ್ಸಿಗೆ 15 ಕಿಲೋ.

```
=IF(D2="","",D2/(C2*15))
```

ಶೀಟಿನ ಮೊದಲ ಸಾಲುಗಳು ಹೀಗಿವೆ:

| ಸಾಲು | A ದಿನಾಂಕ | B ಲಾಟ್ | C ಬಾಕ್ಸ್ | D ಬಿಲ್ ಮೊತ್ತ | E ದರ |
|---|---|---|---|---|---|
| 2 | ಏಪ್ರಿಲ್ 3 | 11 | 40 | 108000 | 180 |
| 3 | ಏಪ್ರಿಲ್ 4 | 14 | 25 | | |
| 4 | ಏಪ್ರಿಲ್ 7 | 11 | 20 | 55500 | 185 |
| 5 | ಏಪ್ರಿಲ್ 8 | 14 | 60 | 157500 | 175 |
| 6 | ಏಪ್ರಿಲ್ 10 | 11 | 30 | | |

ರೈತರು ಫೋನ್ ಮಾಡಿ "ಕಡೀಕ ಏನ್ ರೇಟ್ ಹೋತ್ರಿ" ಅಂತ ಕೇಳುತ್ತಾರೆ. ಆ ಕೊನೆಯ ದರ ಮೇಲೆ ಒಂದೇ ಸೆಲ್‌ನಲ್ಲಿ ಕಾಣಬೇಕು. ಇಲ್ಲಿ 175 ಬರಬೇಕು. ಕೆಳಗಿನದು ಹಾಕಿದರೆ ಸೆಲ್ ಖಾಲಿ ಕಾಣುತ್ತದೆ:

```
=INDEX(E:E,COUNTA(E:E))
```

ಆಫೀಸಿನ ಕಂಪ್ಯೂಟರಲ್ಲಿ ಎಕ್ಸೆಲ್ 2016 ಇದೆ. ಮಾಲೀಕರ ಮಗನ ಲ್ಯಾಪ್‌ಟಾಪಿನಲ್ಲಿ 365 ಇದೆ. ಎರಡರಲ್ಲೂ ನಡೆಯುವಂಥದ್ದು ಇದ್ದರೆ ಹೇಳಿ.

ಸೀರೆ ಅಂಗಡಿ, ಇಳಕಲ್

ಇಷ್ಟಕ್ಕೆ ಫಾರ್ಮುಲಾ ಯಾಕೆ ರೀ? E1 ಮೇಲೆ ನಿಂತು Ctrl ಒತ್ತಿ ಕೆಳಗಿನ ಬಾಣ ಒತ್ತಿದರೆ ಕೊನೆಗೆ ಹೋಗಿ ನಿಲ್ಲುತ್ತದೆ. ನಾವು ದಿನಾ ಸ್ಟಾಕ್ ನೋಡುವುದು ಹಾಗೇ.

ಮಣೂಕ ಲೆಕ್ಕ, ವಿಜಯಪುರ

ಅದನ್ನು ಒತ್ತಿದರೆ 500ನೇ ಸಾಲಿಗೆ ಹೋಗಿ ನಿಲ್ಲುತ್ತದೆ ಅಣ್ಣಾ. ಅಲ್ಲಿ ಏನೂ ಇಲ್ಲ. ಅದೂ ಅಲ್ಲದೆ ನನಗೆ ಅಲ್ಲಿಗೆ ಹೋಗುವುದು ಬೇಡ, ದರ ಮೇಲೆ ಬಂದು ಕೂರಬೇಕು. ಫೋನ್ ಹಿಡಿದುಕೊಂಡು ಶೀಟ್ ಹುಡುಕುತ್ತಾ ಕೂರಲು ಆಗುವುದಿಲ್ಲ.

ಬೆಲ್ಲದ ಪೇಟೆ, ಮಹಾಲಿಂಗಪುರ

365 ಇದ್ದರೆ XLOOKUP ಹಾಕಿಬಿಡಿ. ಅದು ಕೆಳಗಿನಿಂದ ಮೇಲೆ ಹುಡುಕುತ್ತದೆ. ಕೊನೆಗೆ -1 ಕೊಟ್ಟರೆ ಸಾಕು.

```
=XLOOKUP(TRUE,E2:E500<>"",E2:E500,"",-1)
```

ಮಣೂಕ ಲೆಕ್ಕ, ವಿಜಯಪುರ

ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. 180 ಬರುತ್ತಿದೆ, ಅಂದರೆ ಏಪ್ರಿಲ್ 3ರ ದರ. ಕೆಳಗೆ ಹೊಸ ಬಿಲ್ ತುಂಬಿದರೂ 180 ಅಲುಗುವುದಿಲ್ಲ. ಆಫೀಸಿನ ಕಂಪ್ಯೂಟರಲ್ಲಿ ಅದೇ ಫೈಲ್ ತೆರೆದರೆ ಫಾರ್ಮುಲಾದ ಮುಂದೆ `_xlfn.` ಅಂತ ಸೇರಿಕೊಂಡಿದೆ. ಸೆಲ್ ಒಳಗೆ ಹೋಗಿ ಎಂಟರ್ ಒತ್ತಿದ ಕೂಡಲೇ `#NAME?` ಬಂತು.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ಮೊದಲು 180 ಯಾಕೆ ಬರುತ್ತಿದೆ ಅಂತ ನೋಡೋಣ. XLOOKUP ಕೇಳುವುದು ಆರು ಸಂಗತಿ: ಏನು ಹುಡುಕಬೇಕು, ಎಲ್ಲಿ ಹುಡುಕಬೇಕು, ಎಲ್ಲಿಂದ ತರಬೇಕು, ಸಿಗದಿದ್ದರೆ ಏನು ತೋರಿಸಬೇಕು, ಹೊಂದಿಕೆ ಹೇಗಿರಬೇಕು, ಯಾವ ದಿಕ್ಕಿನಿಂದ ಹುಡುಕಬೇಕು. ದಿಕ್ಕು ಆರನೆಯದು. ಮೇಲಿನ ಫಾರ್ಮುಲಾದಲ್ಲಿ -1 ಐದನೇ ಜಾಗದಲ್ಲಿದೆ. ಅಲ್ಲಿ -1 ಅಂದರೆ "ಸರಿಯಾದದ್ದು ಸಿಗದಿದ್ದರೆ ಅದಕ್ಕಿಂತ ಚಿಕ್ಕದನ್ನು ಕೊಡು" ಅಂತ ಅರ್ಥ. ದಿಕ್ಕು ಹೇಳಿಲ್ಲವಾದ್ದರಿಂದ ಅದು ಮೇಲಿನಿಂದಲೇ ಹೊರಟಿತು, ಎರಡನೇ ಸಾಲಿನಲ್ಲೇ TRUE ಸಿಕ್ಕಿತು, ನಿಂತುಬಿಟ್ಟಿತು. ಯಾರಿಗೇ ಆಗಲಿ ಯಾವಾಗಲೂ ಮೊದಲ ದಾಖಲೆಯೇ ಬರುತ್ತಿದ್ದರೆ ಮೊದಲು ಅಲ್ಪವಿರಾಮ ಎಣಿಸಿ.

```
=XLOOKUP(TRUE,E2:E500<>"",E2:E500,"",0,-1)
```

ಇನ್ನೊಂದು. ಆರನೇ ಜಾಗದಲ್ಲಿ -2 ಕೂಡ ಇದೆ, ಅದನ್ನು ಮುಟ್ಟಬೇಡಿ. ಅದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಟ್ಟ ಪಟ್ಟಿಗೆ ಮಾತ್ರ. ನಮ್ಮ ಪಟ್ಟಿ ಹಾಗಿರುವುದಿಲ್ಲ, ಏನೋ ಒಂದು ತಪ್ಪು ಉತ್ತರ ಕೊಡುತ್ತದೆ.

2016ರಲ್ಲಿ XLOOKUP ಇಲ್ಲ, 2019ರಲ್ಲೂ ಇಲ್ಲ. 2021ರಲ್ಲಿ ಮತ್ತು 365ರಲ್ಲಿ ಇದೆ. ಎರಡೂ ಕಡೆ ಒಂದೇ ಫೈಲ್ ಓಡಾಡುವುದಾದರೆ ಹಳೆಯ LOOKUP ಬಳಸಿ. ಇದು ಎರಡರಲ್ಲೂ ನಡೆಯುತ್ತದೆ, Ctrl+Shift+Enter ಕೂಡ ಬೇಡ.

```
=LOOKUP(2,1/(E2:E500<>""),E2:E500)
```

ಮಣೂಕ ಲೆಕ್ಕ, ವಿಜಯಪುರ

175 ಬಂತು ಅಕ್ಕಾ! ತುಂಬಾ ಥ್ಯಾಂಕ್ಸ್. ಆದರೆ ಆ 2 ಎಲ್ಲಿಂದ ಬಂತು, 1ನ್ನು ಯಾಕೆ ಭಾಗಿಸಿದ್ದು, ಏನೂ ಗೊತ್ತಾಗಲಿಲ್ಲ. ತಿಳಿಯದೆ ಹಾಕಿಕೊಂಡರೆ ನಾಳೆ ಕೆಟ್ಟಾಗ ಕೈಕಟ್ಟಿ ಕೂರಬೇಕಾಗುತ್ತದೆ. ನನ್ನ COUNTA ಯಾಕೆ ಕೆಟ್ಟಿತು ಅನ್ನುವುದನ್ನೂ ಹೇಳಿ.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

COUNTA ಇಂದ ಶುರು ಮಾಡುತ್ತೇನೆ. ನಿಮ್ಮ E ಕಾಲಂ ಕಣ್ಣಿಗೆ ಖಾಲಿ, ಎಕ್ಸೆಲ್‌ಗೆ ಖಾಲಿ ಅಲ್ಲ. ಪ್ರತಿ ಸೆಲ್‌ನಲ್ಲೂ ಫಾರ್ಮುಲಾ ಇದೆ, ಅದು `""` ಅನ್ನುವ ಉತ್ತರ ಕೊಟ್ಟಿದೆ. COUNTA ಅದನ್ನೂ ಎಣಿಸುತ್ತದೆ. ತಲೆಬರಹ ಸೇರಿ 500 ಆಯಿತು, INDEX 500ನೇ ಸಾಲಿಗೆ ಹೋಯಿತು, ಅಲ್ಲಿದ್ದ `""` ತಂದುಕೊಟ್ಟಿತು. ಇಳಕಲ್ ಅಣ್ಣಾವ್ರು ಹೇಳಿದ Ctrl ಬಾಣ 500ಕ್ಕೆ ಓಡಿದ್ದೂ ಇದೇ ಕಾರಣಕ್ಕೆ. ISBLANK ಹಾಕಿದರೂ ಅಲ್ಲಿ FALSE ಅನ್ನುತ್ತದೆ. ಅದಕ್ಕೇ `<>""` ಅಂತ ಕೇಳಬೇಕು. ನಿಜವಾಗಿ ಖಾಲಿ ಇರುವ ಸೆಲ್ಲು, `""` ಕೊಟ್ಟ ಸೆಲ್ಲು, ಎರಡನ್ನೂ ಅದು ಬಿಟ್ಟುಬಿಡುತ್ತದೆ.

ಈಗ LOOKUP. ನಿಮ್ಮ ಐದು ಸಾಲುಗಳನ್ನೇ ಹಿಡಿದು ನಡೆಯೋಣ. `E2:E6<>""` ಅಂದರೆ ಉತ್ತರ ಹೀಗೆ ಬರುತ್ತದೆ: TRUE, FALSE, TRUE, TRUE, FALSE. ಲೆಕ್ಕಕ್ಕೆ ಇಳಿದಾಗ TRUE ಅಂದರೆ 1, FALSE ಅಂದರೆ 0. 1ನ್ನು 1ರಿಂದ ಭಾಗಿಸಿದರೆ 1. 1ನ್ನು 0ಯಿಂದ ಭಾಗಿಸಿದರೆ `#DIV/0!`. ಹಾಗಾಗಿ LOOKUP ಕೈಗೆ ಸಿಗುವ ಪಟ್ಟಿ ಇದು:

```
1, #DIV/0!, 1, 1, #DIV/0!
```

LOOKUP ತನ್ನ ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ ಅಂತ ನಂಬಿಕೊಂಡೇ ಹುಡುಕುತ್ತದೆ. ತಪ್ಪು ಬಂದ ಸೆಲ್‌ಗಳನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಾವು 2 ಕೇಳಿದೆವು. ಪಟ್ಟಿಯಲ್ಲಿ 2 ಎಲ್ಲೂ ಇಲ್ಲ, ಇರುವುದೆಲ್ಲಾ 2ಕ್ಕಿಂತ ಚಿಕ್ಕದು. ಹಾಗಾಗಿ ಕೊನೆಯ ಸಂಖ್ಯೆಯವರೆಗೂ ಹೋಗಿ, ಕೊನೆಯ 1ರ ಮೇಲೆ ನಿಲ್ಲುತ್ತದೆ. ಅದು ಐದನೇ ಸಾಲು. ಅಲ್ಲಿಂದ 175 ತರುತ್ತದೆ. 2ರ ಬದಲು 5 ಹಾಕಿದರೂ ಉತ್ತರ ಅದೇ. 1ಕ್ಕಿಂತ ದೊಡ್ಡದಿದ್ದರೆ ಸಾಕು.

ನೀವೇ ನೋಡಬೇಕು ಅಂದರೆ ಫಾರ್ಮುಲಾ ಬಾರ್‌ನಲ್ಲಿ `1/(E2:E500<>"")` ಇಷ್ಟನ್ನು ಮಾತ್ರ ಆಯ್ಕೆ ಮಾಡಿ F9 ಒತ್ತಿ. ಪಟ್ಟಿ ಪೂರ್ತಿ ಕಾಣುತ್ತದೆ. ನೋಡಿದ ಮೇಲೆ Esc ಒತ್ತಿ ಹೊರಗೆ ಬನ್ನಿ. ಎಂಟರ್ ಒತ್ತಿದರೆ ಆ ಪಟ್ಟಿಯೇ ಫಾರ್ಮುಲಾದಲ್ಲಿ ಅಚ್ಚಾಗಿ ಉಳಿದುಬಿಡುತ್ತದೆ.

ಹಾಂ, `E:E` ಅಂತ ಪೂರ್ತಿ ಕಾಲಂ ಕೊಡಬೇಡಿ. ಸುಮ್ನೆ 10 ಲಕ್ಷಕ್ಕೂ ಜಾಸ್ತಿ ಭಾಗಾಕಾರ ಮಾಡಿಸಿದ ಹಾಗೆ. ನಾಲ್ಕೈದು ಕಡೆ ಹಾಕಿದರೆ ಹಳೆಯ ಕಂಪ್ಯೂಟರ್ ತಡವರಿಸುತ್ತದೆ.

ಮಗ್ಗದ ಮನೆ, ಬನಹಟ್ಟಿ

ನಡುವೆ ನನ್ನದೊಂದು ಕೇಳುತ್ತೇನೆ, ಬೇಜಾರಾಗಬೇಡಿ. ನಾವು ನೂಲು ತರಿಸಿದ್ದನ್ನು ಬರೆದಿಡುತ್ತೇವೆ. B ಕಾಲಂನಲ್ಲಿ ಬಣ್ಣ, C ಕಾಲಂನಲ್ಲಿ ಕಿಲೋ. ಯಾರೋ ಹಿಂದೆ ಹಾಕಿಕೊಟ್ಟ ಫಾರ್ಮುಲಾ ಕಿಲೋಗೆ ಸರಿಯಾಗಿ ಕೊನೆಯದು ತೋರಿಸುತ್ತದೆ:

```
=LOOKUP(9.99E+307,C2:C300)
```

ಅದನ್ನೇ B ಕಾಲಂಗೆ ಹಾಕಿದರೆ `#N/A`. ಬಣ್ಣ ಎಲ್ಲಾ ಕನ್ನಡದಲ್ಲಿ ಟೈಪ್ ಮಾಡಿದ್ದೇವೆ.

ಬೆಲ್ಲದ ಪೇಟೆ, ಮಹಾಲಿಂಗಪುರ

ಅದು ಸಂಖ್ಯೆಗೆ ಮಾತ್ರ. ಅಕ್ಷರಕ್ಕೆ `"zzz"` ಅಂತ ಹಾಕಬೇಕು, ನಾನು ಪಾರ್ಟಿ ಹೆಸರಿಗೆ ಅದನ್ನೇ ಹಾಕಿದ್ದೇನೆ.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ನಿಮ್ಮ ಪಾರ್ಟಿ ಹೆಸರು ಇಂಗ್ಲಿಷಿನಲ್ಲಿದ್ದರೆ ನಡೆಯುತ್ತದೆ. ಬನಹಟ್ಟಿಯವರ ಬಣ್ಣ ಕನ್ನಡದಲ್ಲಿದೆ. ಈ ಉಪಾಯ ನಿಂತಿರುವುದು "ಪಟ್ಟಿಯಲ್ಲಿರುವ ಎಲ್ಲಕ್ಕಿಂತ ದೊಡ್ಡದನ್ನು ಕೇಳು" ಅನ್ನುವುದರ ಮೇಲೆ. ವಿಂಗಡಣೆಯಲ್ಲಿ ಕನ್ನಡ ಅಕ್ಷರಗಳು z ಆದಮೇಲೆ ಬರುತ್ತವೆ. "ಕೆಂಪು" ಅನ್ನುವುದು `"zzz"` ಗಿಂತ ದೊಡ್ಡದಾಯಿತಲ್ವಾ? ಹಾಗಾಗಿ ಅಲ್ಲಿ ಕೆಲಸಕ್ಕೆ ಬಾರದು. ಬಣ್ಣಕ್ಕೂ ಮೇಲಿನ ಉಪಾಯವೇ ಸರಿ. ಅದು ಮೌಲ್ಯವನ್ನು ಹೋಲಿಸುವುದಿಲ್ಲ, ಸೆಲ್ ತುಂಬಿದೆಯೋ ಇಲ್ಲವೋ ಅಷ್ಟೇ ನೋಡುತ್ತದೆ. ಯಾವ ಭಾಷೆಯಾದರೂ ಸರಿ, ಸಂಖ್ಯೆಯಾದರೂ ಸರಿ.

```
=LOOKUP(2,1/(B2:B300<>""),B2:B300)
```

ಮಗ್ಗದ ಮನೆ, ಬನಹಟ್ಟಿ

ಹಾಕಿದೆ ಅಕ್ಕಾ. `#N/A` ಹೋಯಿತು, ಈಗ ಏನೂ ಕಾಣುತ್ತಿಲ್ಲ. ನಮ್ಮ B ಕಾಲಂನಲ್ಲಿ ಫಾರ್ಮುಲಾ ಇಲ್ಲ, ಎಲ್ಲಾ ಕೈಯಿಂದ ಟೈಪ್ ಮಾಡಿದ್ದು.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ಹಾಗಾದರೆ ಕೆಳಗೆಲ್ಲೋ ಒಂದು ಸೆಲ್‌ನಲ್ಲಿ ಸ್ಪೇಸ್ ಕೂತಿದೆ. ಯಾವ ಸಾಲು ಅಂತ ಅದೇ ಫಾರ್ಮುಲಾದಿಂದ ಕೇಳಿ. ಮೌಲ್ಯ ತರುವ ಬದಲು ಸಾಲಿನ ನಂಬರ್ ತರಿಸಿ:

```
=LOOKUP(2,1/(B2:B300<>""),ROW(B2:B300))
```

ಮಗ್ಗದ ಮನೆ, ಬನಹಟ್ಟಿ

87 ಬಂತು. ನಮ್ಮ ದಾಖಲೆ 82ಕ್ಕೇ ಮುಗಿದಿದೆ. 87ಕ್ಕೆ ಹೋಗಿ `=LEN(B87)` ಹಾಕಿದರೆ 1 ತೋರಿಸುತ್ತಿದೆ! ಹುಡುಗ ಸೆಲ್ ಅಳಿಸುವಾಗ ಡಿಲೀಟ್ ಬದಲು ಸ್ಪೇಸ್ ಬಾರ್ ಒತ್ತುತ್ತಾನೆ. ಅದೇ ಇರಬೇಕು.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ಅದೇ. 87ನ್ನು ಡಿಲೀಟ್ ಒತ್ತಿ ಅಳಿಸಿ. ಮುಂದೆಯೂ ಹೀಗೆ ಆಗುವ ಸಾಧ್ಯತೆ ಇದ್ದರೆ TRIM ಸೇರಿಸಿ:

```
=LOOKUP(2,1/(TRIM(B2:B300)<>""),B2:B300)
```

ವಾಟ್ಸಾಪಿನಿಂದಲೋ ವೆಬ್ ಪುಟದಿಂದಲೋ ಕಾಪಿ ಮಾಡಿ ಹಾಕಿದ್ದರೆ TRIM ಕೆಲವು ಸಲ ಸೋಲುತ್ತದೆ. ಆಗ ಆ ಸೆಲ್‌ಗೆ `=CODE(B87)` ಹಾಕಿ ನೋಡಿ. 32 ಬಂದರೆ ಮಾಮೂಲಿ ಸ್ಪೇಸ್. 160 ಬಂದರೆ ಅದು ಬೇರೆ ಜಾತಿಯ ಸ್ಪೇಸ್, TRIM ಅದನ್ನು ತೆಗೆಯುವುದಿಲ್ಲ. ಅಂಥದ್ದನ್ನು ಹುಡುಕಿ ಅಳಿಸಬೇಕು.

ಮಣೂಕ ಲೆಕ್ಕ, ವಿಜಯಪುರ

ನನ್ನ ಮುಂದಿನ ಪ್ರಶ್ನೆ. ರೈತರು ತಮ್ಮ ಲಾಟಿನ ದರ ಕೇಳುತ್ತಾರೆ. G1ರಲ್ಲಿ ಲಾಟ್ ನಂಬರ್ ಹಾಕಿದರೆ ಆ ಲಾಟಿನ ಕೊನೆಯ ದರ ಬರಬೇಕು. ಲ್ಯಾಪ್‌ಟಾಪಿನಲ್ಲಿ ಇದನ್ನು ಹಾಕಿದೆ, ಲಾಟ್ 14ಕ್ಕೆ 175 ಸರಿಯಾಗಿ ಬಂತು. ಲಾಟ್ 11ಕ್ಕೆ ಖಾಲಿ.

```
=XLOOKUP(G1,B2:B500,E2:E500,"",0,-1)
```

ಬೆಲ್ಲದ ಪೇಟೆ, ಮಹಾಲಿಂಗಪುರ

ಲಾಟ್ 11ರ ಕೊನೆಯ ಸಾಲು 6ನೆಯದು. ಅಲ್ಲಿ ಬಾಕ್ಸ್ ಹೋಗಿದೆ, ಬಿಲ್ ಬಂದಿಲ್ಲ. ಫಾರ್ಮುಲಾ ಸರಿಯಾಗಿಯೇ ಕೊನೆಯ ಸಾಲಿಗೆ ಹೋಗಿದೆ. ಆ ಸಾಲಿನಲ್ಲಿ ದರವೇ ಇಲ್ಲ.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ಸರಿಯಾಗಿ ಹೇಳಿದಿರಿ. "ಈ ಲಾಟಿನ ಕೊನೆಯ ಸಾಲು" ಬೇರೆ, "ಈ ಲಾಟಿನಲ್ಲಿ ದರ ತುಂಬಿದ ಕೊನೆಯ ಸಾಲು" ಬೇರೆ. ಎರಡು ಷರತ್ತನ್ನೂ ಗುಣಿಸಿ. ಎರಡೂ ನಿಜವಾದ ಸಾಲಿಗೆ ಮಾತ್ರ 1 ಉಳಿಯುತ್ತದೆ.

```
=LOOKUP(2,1/((B2:B500=G1)*(E2:E500<>"")),E2:E500)
```

ಲಾಟ್ 11ಕ್ಕೆ 2 ಮತ್ತು 4ನೇ ಸಾಲು ಉಳಿಯುತ್ತವೆ, 4ರಿಂದ 185 ಬರುತ್ತದೆ. ಒಂದೂ ಬಿಲ್ ಬರದ ಲಾಟ್ ಹಾಕಿದರೆ `#N/A` ಬರುತ್ತದೆ, ಅದು ಬೇಡ ಅಂದರೆ ಹೊರಗೆ IFNA ಸುತ್ತಿ. IFERROR ಬೇಡ. ಯಾಕೆ ಬೇಡ ಅನ್ನುವುದು ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಸೇರಿದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

7ನೇ ಸಾಲಿನಲ್ಲಿ ಲಾಟ್ 14ಕ್ಕೆ 90000 ಬಿಲ್ ತುಂಬಿದಿರಿ, ಅವಸರದಲ್ಲಿ ಬಾಕ್ಸ್ ಸಂಖ್ಯೆ ಬಿಟ್ಟಿರಿ ಅಂದುಕೊಳ್ಳಿ. ನಿಮ್ಮ E7 ಖಾಲಿ C7ರಿಂದ ಭಾಗಿಸಲು ಹೋಗಿ `#DIV/0!` ಆಗುತ್ತದೆ. ಈಗ ಮೇಲಿನ ಫಾರ್ಮುಲಾ ಏನು ಹೇಳುತ್ತದೆ? ಹಳೆಯ 175. ಯಾಕೆಂದರೆ `E7<>""` ಅನ್ನುವ ಪ್ರಶ್ನೆಯೇ ತಪ್ಪಾಗಿ ಹೊರಬರುತ್ತದೆ, LOOKUP ತಪ್ಪುಗಳನ್ನು ದಾಟಿ ಹೋಗುತ್ತದೆ. ನಮಗೆ ಖಾಲಿ ಸೆಲ್ ದಾಟಿಸಲು ಬೇಕಾದ ಗುಣವೇ ಇಲ್ಲಿ ಒಂದು ನಿಜವಾದ ತಪ್ಪನ್ನೂ ದಾಟಿಸಿಬಿಟ್ಟಿತು. XLOOKUP ಕೂಡ ಅಷ್ಟೇ, ಅದಕ್ಕೆ ಬೇಕಾದ್ದು TRUE, ತಪ್ಪು ಬಂದ ಸಾಲು ಅದರ ಲೆಕ್ಕಕ್ಕಿಲ್ಲ. ಪರದೆ ಮೇಲೆ 175 ಅಂತ ಚೆನ್ನಾಗಿ ಕಾಣುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ರೈತರಿಗೆ ಹಳೆಯ ದರ ಹೇಳಿರುತ್ತೀರಿ.

ಅದಕ್ಕೆ ನಾನು ಷರತ್ತನ್ನು ಕೈಯಿಂದ ತುಂಬುವ ಕಾಲಂ ಮೇಲೆ ಹಾಕುತ್ತೇನೆ, ಉತ್ತರವನ್ನು ಫಾರ್ಮುಲಾ ಕಾಲಂನಿಂದ ತರುತ್ತೇನೆ. ನಿಮ್ಮಲ್ಲಿ ಕೈಯಿಂದ ತುಂಬುವುದು D, ಬಿಲ್ ಮೊತ್ತ:

```
=LOOKUP(2,1/((B2:B500=G1)*(D2:D500<>"")),E2:E500)
```

D7ರಲ್ಲಿ 90000 ಇದೆ. ಹಾಗಾಗಿ 7ನೇ ಸಾಲಿಗೇ ಹೋಗುತ್ತದೆ, E7ರಲ್ಲಿರುವ `#DIV/0!` ಅನ್ನೇ ಎದುರಿಗೆ ತರುತ್ತದೆ. ತಪ್ಪು ಕಣ್ಣಿಗೆ ಬೀಳುತ್ತದೆ, ನೀವು ಹೋಗಿ ಬಾಕ್ಸ್ ತುಂಬುತ್ತೀರಿ. ಹೊರಗೆ IFERROR ಸುತ್ತಿದ್ದರೆ ಇದನ್ನು ಮತ್ತೆ ಮುಚ್ಚಿಬಿಡುತ್ತಿತ್ತು. IFNA ಮುಚ್ಚುವುದು "ಸಿಗಲಿಲ್ಲ" ಅನ್ನುವುದನ್ನು ಮಾತ್ರ.

ಮಣೂಕ ಲೆಕ್ಕ, ವಿಜಯಪುರ

ಈಗಲೇ ಹಾಗೆ ಮಾಡಿ ನೋಡಿದೆ. C7 ಖಾಲಿ ಬಿಟ್ಟಾಗ `#DIV/0!` ಬಂತು. 32 ಬಾಕ್ಸ್ ತುಂಬಿದೆ, 187.5 ಬಂತು. E ಮೇಲೆ ಷರತ್ತು ಇದ್ದ ಫಾರ್ಮುಲಾ ಪಕ್ಕದಲ್ಲೇ ಇಟ್ಟಿದ್ದೆ, ಅದು ಬಾಕ್ಸ್ ತುಂಬುವವರೆಗೂ 175 ಅನ್ನುತ್ತಲೇ ಇತ್ತು. ಇದನ್ನು ತೆಗೆದು D ಮೇಲಿನದನ್ನೇ ಇಟ್ಟುಕೊಂಡೆ.

ನಿವೃತ್ತ ಮಾಸ್ತರ, ಬಾಗಲಕೋಟೆ

ಎಲ್ಲಾ ಓದಿದೆ. ಒಂದು ಮೂಲದ ಪ್ರಶ್ನೆ ಉಳಿಯಿತು ಅನಿಸುತ್ತದೆ. ನೀವೆಲ್ಲಾ ಎಲ್ಲಕ್ಕಿಂತ ಕೆಳಗಿನ ಸಾಲನ್ನೇ ಎಲ್ಲಕ್ಕಿಂತ ಹೊಸದು ಅಂದುಕೊಂಡಿದ್ದೀರಿ. ಸೊಸೈಟಿ ಲೆಕ್ಕ ನೋಡುವಾಗ ನಾನು ಕಂಡಿದ್ದು ಬೇರೆ. ಹಳೆಯ ಚೀಟಿ ತಡವಾಗಿ ಸಿಗುತ್ತದೆ, ಅದನ್ನು ಕೊನೆಗೆ ಬರೆಯುತ್ತಾರೆ. ಆಗ ಕೆಳಗಿನ ಸಾಲಿನ ತಾರೀಖು ಹಳೆಯದು. ದರ ಬೇಕಾದರೆ ತಾರೀಖು ನೋಡಬೇಕಲ್ಲವೇ?

ಬೆಲ್ಲದ ಪೇಟೆ, ಮಹಾಲಿಂಗಪುರ

ನಮ್ಮಲ್ಲೂ ಹಾಗೇ ಸರ್. ಪೇಟೆಯ ಚೀಟಿ ಹಿಂದೆ ಮುಂದೆ ಆಗುತ್ತವೆ. ನಾನು ವಾರಕ್ಕೊಮ್ಮೆ ತಾರೀಖಿನ ಪ್ರಕಾರ ಸಾರ್ಟ್ ಮಾಡಿಬಿಡುತ್ತೇನೆ.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ಮಾಸ್ತರ ಮಾತು ನಿಜ. ಈ ಫಾರ್ಮುಲಾಗೆ ತಾರೀಖು ಗೊತ್ತಿಲ್ಲ, ಸಾಲಿನ ಜಾಗ ಮಾತ್ರ ಗೊತ್ತು. ಸಾರ್ಟ್ ಮಾಡುವುದೂ ಒಂದು ದಾರಿ, ಆದರೆ ಮಾಡಲು ಮರೆತ ವಾರ ತಪ್ಪುತ್ತದೆ. 2016ರಲ್ಲೇ ಮಾಡಬೇಕೆಂದರೆ ಮೊದಲು ಆ ಲಾಟಿನ ಎಲ್ಲಕ್ಕಿಂತ ಹೊಸ ತಾರೀಖನ್ನು H1ರಲ್ಲಿ ತೆಗೆಯಿರಿ:

```
=AGGREGATE(14,6,A2:A500/((B2:B500=G1)*(D2:D500<>"")),1)
```

14 ಅಂದರೆ ದೊಡ್ಡದರಿಂದ ಎಣಿಸು, 6 ಅಂದರೆ ತಪ್ಪುಗಳನ್ನು ಬಿಡು, ಕೊನೆಯ 1 ಅಂದರೆ ಮೊದಲನೆಯದು. H1ಕ್ಕೆ ತಾರೀಖಿನ ಫಾರ್ಮ್ಯಾಟ್ ಕೊಡಿ, ಇಲ್ಲದಿದ್ದರೆ ಐದಂಕಿಯ ಸಂಖ್ಯೆ ಕಾಣುತ್ತದೆ. ಆಮೇಲೆ ಆ ತಾರೀಖನ್ನೂ ಷರತ್ತಿಗೆ ಸೇರಿಸಿ:

```
=LOOKUP(2,1/((A2:A500=H1)*(B2:B500=G1)*(D2:D500<>"")),E2:E500)
```

A ಕಾಲಂನಲ್ಲಿ ತಾರೀಖು ನಿಜವಾದ ತಾರೀಖಾಗಿರಬೇಕು. ಕೆಲವು ಕಂಪ್ಯೂಟರಲ್ಲಿ ನಡುವೆ ಚುಕ್ಕೆ ಹಾಕಿ ಟೈಪ್ ಮಾಡಿದರೆ ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಆಗ AGGREGATE ಅದನ್ನೂ ತಪ್ಪು ಅಂತ ಬಿಟ್ಟು ಹೋಗುತ್ತದೆ, ಮತ್ತೆ ಹಳೆಯ ದರವೇ ಬರುತ್ತದೆ. ನೀವಾಗಿ ಅಲೈನ್ ಮಾಡದಿದ್ದರೆ ನಿಜವಾದ ತಾರೀಖು ಸೆಲ್‌ನ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ಕಾಲಂ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಸಿಗುತ್ತದೆ.

ಮಣೂಕ ಲೆಕ್ಕ, ವಿಜಯಪುರ

ನನ್ನಲ್ಲಿ A ಅಂದರೆ ಬಾಕ್ಸ್ ಹೋದ ದಿನ. ಬಿಲ್ ಬಂದ ದಿನಕ್ಕೆ ಕಾಲಂ ಇಲ್ಲ. ಏಪ್ರಿಲ್ 4ರ 25 ಬಾಕ್ಸಿನ ಬಿಲ್ ಇವತ್ತು ಬಂದರೆ ಅದು 3ನೇ ಸಾಲಿಗೆ ಹೋಗುತ್ತದೆ. ಆಗ ಅದು ಹೊಸ ದರವೋ ಹಳೆಯದೋ?

ನಿವೃತ್ತ ಮಾಸ್ತರ, ಬಾಗಲಕೋಟೆ

ಮಾಲು ಹೋದ ದಿನದ ದರವೇ ಅದರ ದರ. ಬಿಲ್ ಇವತ್ತು ಬಂದರೇನು?

ಬೆಲ್ಲದ ಪೇಟೆ, ಮಹಾಲಿಂಗಪುರ

ನಾನು ಒಪ್ಪುವುದಿಲ್ಲ ಸರ್. ನಮ್ಮ ಪೇಟೆಯಲ್ಲಿ ದರ ಕುದುರುವುದು ಮಾಲು ಹೋದ ದಿನವೇ ಅಂತ ಹೇಳಲು ಬರುವುದಿಲ್ಲ. ಕೆಲವು ಪಾರ್ಟಿ ಆಮೇಲೆ ಕೂತು ಮಾತಾಡುತ್ತಾರೆ. ಮಣೂಕದಲ್ಲಿ ಹೇಗೋ ಅವರೇ ಹೇಳಬೇಕು.

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ಇದನ್ನು ಎಕ್ಸೆಲ್ ತೀರ್ಮಾನ ಮಾಡಲಾರದು, ನಿಮ್ಮ ಮಾಲೀಕರನ್ನು ಕೇಳಿ. ಅಲ್ಲಿಯವರೆಗೆ F ಕಾಲಂನಲ್ಲಿ ಬಿಲ್ ತಾರೀಖು ಬರೆಯುತ್ತಾ ಹೋಗಿ. ಮೇಲಿನ ಎರಡು ಫಾರ್ಮುಲಾದಲ್ಲಿ `A2:A500` ಇರುವ ಕಡೆ `F2:F500` ಹಾಕಿದರೆ ಬಿಲ್ ತಾರೀಖಿನ ಪ್ರಕಾರ ಬರುತ್ತದೆ. ಎರಡೂ ಇಟ್ಟುಕೊಳ್ಳಬಹುದು.

ಮಣೂಕ ಲೆಕ್ಕ, ವಿಜಯಪುರ

F ಕಾಲಂ ಇವತ್ತೇ ಸೇರಿಸಿದೆ. ಒಂದೇ ದಿನ ಒಂದೇ ಲಾಟಿಗೆ ಎರಡು ಬಿಲ್, ಎರಡು ದರ ಬಂದರೆ ಕೆಳಗಿನ ಸಾಲಿನದು ಬರುತ್ತದೆ, ಅಲ್ವಾ ಅಕ್ಕಾ?

ಫೌಂಡ್ರಿ ಅಕೌಂಟ್ಸ್, ಬೆಳಗಾವಿ

ಹೌದು, ಕೆಳಗಿನದೇ. ಎರಡರ ಸರಾಸರಿ ಹೇಳಬೇಕು ಅಂದರೆ ಆ ದಿನದ ಒಟ್ಟು ಮೊತ್ತವನ್ನು ಒಟ್ಟು ಕಿಲೋದಿಂದ ಭಾಗಿಸಬೇಕು. ಅದಕ್ಕೆ LOOKUP ಬೇಡ, SUMIFS ಸಾಕು.